ಅತ್ತಿಗೆಯ ಮೂಗಿನ ಬಗ್ಗೆ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಒಪ್ಪಿದ್ದರಿಂದ ಇದನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಕಿವಿ ಮೂಗು ಗಂಟಲಿನ ಡಾಕ್ಟರ್ ಆದ ನನ್ನ ಬಳಿ ಬರುವ ಎಷ್ಟೋ ಬಸುರಿಯರದ್ದೂ ಇದೇ ಪ್ರಶ್ನೆ.

ಅತ್ತಿಗೆಗೆ ಈಗ ಏಳು ತಿಂಗಳು. ಎರಡು ತಿಂಗಳಿಂದ ಮೂಗು ಕಟ್ಟುತ್ತಿದೆ, ಆದರೆ ನೆಗಡಿ ಇಲ್ಲ. ಮೊನ್ನೆ ರಾತ್ರಿ ಮೂಗಿನಿಂದ ರಕ್ತ ಬಂತು. ಮದುವೆಯಾದಾಗಿನಿಂದ ಗೊರಕೆಯೇ ಇಲ್ಲದವರು ಈಗ ಪಕ್ಕದ ಕೋಣೆಗೆ ಕೇಳಿಸುವಷ್ಟು ಗೊರಕೆ ಹೊಡೆಯುತ್ತಿದ್ದಾರೆ. ನಿಮ್ಮಮ್ಮ ಇದನ್ನು ಉಷ್ಣ ಅಂದರು, ನೀನು ಬಿಪಿ ಇರಬಹುದಾ ಅಂದೆ. ಮೂರು ಬೇರೆ ಬೇರೆ ತೊಂದರೆಗಳಂತೆ ಕಾಣಿಸಿದರೂ ಹೆಚ್ಚಿನವರಲ್ಲಿ ಮೂರಕ್ಕೂ ಬೇರು ಒಂದೇ.

ಬಸಿರಿನಲ್ಲಿ ಮೈಯಲ್ಲಿರುವ ರಕ್ತ ಹೆಚ್ಚುತ್ತದೆ. ಎಂಟನೇ ತಿಂಗಳ ಹೊತ್ತಿಗೆ ಮೊದಲಿಗಿಂತ ಶೇಕಡಾ 40ರಿಂದ 50ರಷ್ಟು ಜಾಸ್ತಿ, ಅಂದರೆ ಸುಮಾರು ಒಂದೂವರೆ ಲೀಟರ್ ಹೆಚ್ಚು ರಕ್ತ ಓಡಾಡುತ್ತಿರುತ್ತದೆ. ಮಗುವಿಗೆ ಬೇಕಾದದ್ದನ್ನೆಲ್ಲ ಒಯ್ಯುವುದು ಆ ರಕ್ತವೇ. ಅದಕ್ಕೆ ಜಾಗ ಮಾಡಿಕೊಡಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತದೆ. ಈಸ್ಟ್ರೊಜೆನ್ ಮೂಗಿನ ಒಳಪದರವನ್ನು ಊದಿಸುತ್ತದೆ, ಅಲ್ಲಿ ಲೋಳೆಯೂ ಹೆಚ್ಚುತ್ತದೆ. ಮಾಸಿನಿಂದ ಬರುವ ಬೆಳವಣಿಗೆಯ ಹಾರ್ಮೋನಿನ ಪಾತ್ರವೂ ಇರಬಹುದು ಅನ್ನುತ್ತಾರೆ.

ಈ ಬದಲಾವಣೆ ಇಡೀ ಮೈಯಲ್ಲಿ ಆದರೂ ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಮೂಗು ಒಂದು. ಮೂಗಿನ ಎರಡೂ ಹೊಳ್ಳೆಗಳ ಒಳಗೆ, ಹೊರಗೋಡೆಗೆ ಅಂಟಿಕೊಂಡು ಮಾಂಸದ ಮಡಿಕೆಗಳಿವೆ. ನಾವು ಟರ್ಬಿನೇಟ್ ಅನ್ನುತ್ತೇವೆ. ಅವುಗಳ ಒಳಗೆ ತುಂಬ ಸಣ್ಣ ರಕ್ತದ ಚೀಲಗಳಿವೆ, ನೀರು ಕುಡಿದ ಸ್ಪಂಜಿನ ಹಾಗೆ ಊದುತ್ತವೆ, ಕುಗ್ಗುತ್ತವೆ. ಬಸಿರಿನಲ್ಲಿ ರಕ್ತ ಹೆಚ್ಚಾಗಿ, ಗೋಡೆ ಸಡಿಲವಾಗಿ, ಅವು ಊದಿಯೇ ಇರುತ್ತವೆ. ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತ ಇನ್ನಷ್ಟು ಸೇರುವುದರಿಂದ ರಾತ್ರಿ ಕಟ್ಟುವುದು ಹೆಚ್ಚು. ಹಗಲು ಕೂತಾಗ ಪರವಾಗಿಲ್ಲ ಅನ್ನುವ ಮೂಗು ದಿಂಬಿಗೆ ತಲೆ ಇಟ್ಟ ಕೂಡಲೇ ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಸುಮಾರು ಐವರಲ್ಲಿ ಒಬ್ಬ ಬಸುರಿಗೆ ಹೀಗಾಗುತ್ತದೆ. ಜ್ವರ ಇರುವುದಿಲ್ಲ. ಸೀನು, ಕಣ್ಣುರಿ, ಹಳದಿ ಸಿಂಬಳವೂ ಇರುವುದಿಲ್ಲ. ಅವೆಲ್ಲ ಇದ್ದರೆ ಅಲರ್ಜಿಯೋ ಸೋಂಕೋ ಎಂದು ನೋಡಬೇಕು.

ಇನ್ನು ರಕ್ತ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ, ಮುಂಭಾಗಕ್ಕೆ, ಬೆರಳ ತುದಿಗೆ ಸಿಗುವಷ್ಟು ಹತ್ತಿರ, ನಾಲ್ಕೈದು ರಕ್ತನಾಳಗಳ ಕವಲುಗಳು ಒಟ್ಟಿಗೆ ಸೇರುವ ಜಾಗವೊಂದಿದೆ. ಲಿಟಲ್ಸ್ ಏರಿಯಾ ಅಂತ ಹೆಸರು. ಯಾರ ಮೂಗಿನಿಂದಲೇ ರಕ್ತ ಬರಲಿ, ಹತ್ತರಲ್ಲಿ ಒಂಬತ್ತು ಸಲ ಇಲ್ಲಿಂದಲೇ. ಚರ್ಮ ತೆಳು, ಕೆಳಗೆ ತುಂಬಿದ ನಾಳಗಳು. ಫ್ಯಾನಿನ ಗಾಳಿಗೋ ಎಸಿ ಗಾಳಿಗೋ ಒಣಗಿ ಹಕ್ಕಳೆ ಕಟ್ಟುತ್ತದೆ, ಮೂಗು ಕಟ್ಟಿದೆ ಎಂದು ಜೋರಾಗಿ ಸೀಟುತ್ತಾರೆ, ಹಕ್ಕಳೆ ಕಿತ್ತು ಬರುತ್ತದೆ, ರಕ್ತ ಹರಿಯುತ್ತದೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗುವುದಿಲ್ಲ, ಹೆರಿಗೆಗೆ ತಯಾರಾಗಿ ಅದು ಇನ್ನೂ ಹೆಚ್ಚಿರುತ್ತದೆ. ತೊಂದರೆ ಇರುವುದು ನಾಳಗಳಲ್ಲಿ, ರಕ್ತದಲ್ಲಲ್ಲ. ಬಿಳಿ ಟವೆಲ್ ಮೇಲೆ ಎರಡು ಚಮಚ ರಕ್ತ ಬಿದ್ದರೂ ಬಹಳ ಕಾಣುತ್ತದೆ. ನೀನು ಗಾಬರಿಯಾದದ್ದು ಸಹಜ.

ನಿಮ್ಮಮ್ಮನಿಗೆ ಬೇಸರವಾಗದ ಹಾಗೆ ಒಂದು ಮಾತು ಹೇಳು. ತಲೆಗೆ ತಣ್ಣೀರು ಹಾಕಿದರೆ ತಂಪೆನಿಸಬಹುದು, ರಕ್ತ ನಿಲ್ಲುವುದಿಲ್ಲ. ತಲೆಯನ್ನು ಹಿಂದಕ್ಕೆ ವಾಲಿಸಿ ಮಲಗಿಸುವುದಂತೂ ಬೇಡ. ರಕ್ತ ಗಂಟಲಿಗೆ ಇಳಿದು ಹೊಟ್ಟೆಗೆ ಹೋಗುತ್ತದೆ, ವಾಂತಿಯಾಗುತ್ತದೆ, ಎಷ್ಟು ಹೋಯಿತೆಂದೂ ತಿಳಿಯುವುದಿಲ್ಲ.

ಮುಂದಿನ ಸಲ ಬಂದರೆ ಅತ್ತಿಗೆಯನ್ನು ನೇರ ಕೂರಿಸು, ಸ್ವಲ್ಪ ಮುಂದಕ್ಕೆ ಬಾಗಲಿ. ಮೂಗಿನ ಮೆತ್ತನೆಯ ಕೆಳಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ಕಡೆ ಒತ್ತಿ ಹಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ, ಮೇಲಿನ ಗಟ್ಟಿ ಎಲುಬನ್ನು ಹಿಡಿಯುತ್ತಾರೆ. ಅಲ್ಲಿ ಎಷ್ಟು ಒತ್ತಿದರೂ ರಕ್ತ ಬರುವ ಜಾಗ ಸಿಗುವುದಿಲ್ಲ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತವನ್ನು ಉಗುಳಲಿ. ಗಡಿಯಾರ ನೋಡಿಕೊಂಡು ಪೂರ್ತಿ 10 ನಿಮಿಷ ಒತ್ತಬೇಕು. ನಡುವೆ ನಿಂತಿತಾ ಎಂದು ಬಿಟ್ಟು ನೋಡಬೇಡ. ಬಿಟ್ಟರೆ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ, ಮತ್ತೆ ಮೊದಲಿನಿಂದ. 10 ನಿಮಿಷದ ನಂತರವೂ ಬರುತ್ತಿದ್ದರೆ ಇನ್ನೊಂದು 10 ನಿಮಿಷ ಹಿಡಿ. ಹಾಗೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡು. ತುಂಬ ಜೋರಾಗಿ ಹರಿಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಅಷ್ಟು ಹೊತ್ತೂ ಕಾಯಬೇಡ, ಮೂಗು ಹಿಡಿದುಕೊಂಡೇ ಹೋಗಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಅಲ್ಲಿನ ಡಾಕ್ಟರಿಗೆ ಹೇಳು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಜ್ವರವೂ ಇದ್ದರೆ ಡೆಂಗಿ ಇರಬಹುದು, ಅಂದೇ ಪ್ಲೇಟ್‌ಲೆಟ್ ನೋಡಿಸಬೇಕು. ಒಸಡಿನಿಂದಲೂ ರಕ್ತ ಬರುತ್ತಿದ್ದು, ಮೈಮೇಲೆ ಏಟಿಲ್ಲದೆ ನೀಲಿ ಕಲೆ ಬಿದ್ದಿದ್ದರೂ ಹಾಗೆಯೇ.

ನಿಂತ ಮೇಲೆ ಒಂದು ದಿನ ಮೂಗು ಸೀಟಬಾರದು. ನಂತರ ಕೆಲವು ದಿನ ಹೊಳ್ಳೆಯ ಮುಂಭಾಗಕ್ಕೆ ವ್ಯಾಸಲೀನ್ ತೆಳ್ಳಗೆ ಸವರಿದರೆ ಒಣಗುವುದಿಲ್ಲ. ಎಣ್ಣೆಯನ್ನು ಮೂಗಿನೊಳಗೆ ಹನಿ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕಟ್ಟಿದ ಮೂಗಿಗೆ ಉಪ್ಪು ನೀರು ಒಳ್ಳೆಯದು. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು, ಅಷ್ಟೇ. ಇಲ್ಲವೇ ಮೆಡಿಕಲ್ ಶಾಪಿನ ಸಲೈನ್ ಡ್ರಾಪ್ಸ್ ಸಾಕು. ಮಲಗುವಾಗ ತಲೆಯ ಕಡೆ ಎತ್ತರ ಮಾಡಿ, ಎಡ ಮಗ್ಗುಲಿಗೆ ಮಲಗಲಿ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಇರಬೇಕು. ಮೆಡಿಕಲ್ ಶಾಪಿನಲ್ಲಿ ಮೂಗು ಕಟ್ಟಿದೆ ಅಂದರೆ ಕೊಡುವ ಡ್ರಾಪ್ಸ್ ಇದೆಯಲ್ಲ, ಝೈಲೊಮೆಟಜೊಲಿನ್ ಅಥವಾ ಆಕ್ಸಿಮೆಟಜೊಲಿನ್ ಅಂತ ಬರೆದಿರುತ್ತದೆ, ಅದನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ. ಹಾಕಿದ ಐದು ನಿಮಿಷಕ್ಕೆ ಮೂಗು ಪೂರ್ತಿ ಬಿಡುತ್ತದೆ. ಆದರೆ ನಾಲ್ಕೈದು ದಿನ ಸತತ ಹಾಕಿದರೆ ಔಷಧದ ಪ್ರಭಾವ ಇಳಿದಾಗ ನಾಳಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಮತ್ತೆ ಹಾಕಬೇಕು ಅನಿಸುತ್ತದೆ.

ಒಬ್ಬ ಹೆಣ್ಣುಮಗಳು ಐದನೇ ತಿಂಗಳಲ್ಲಿ ಹೀಗೆ ಶುರು ಮಾಡಿದ್ದರು. ಮೊದಲು ರಾತ್ರಿ ಮಾತ್ರ. ಎಂಟನೇ ತಿಂಗಳಿಗೆ ಡ್ರಾಪ್ಸ್ ಬಾಟಲಿ ದಿಂಬಿನ ಕೆಳಗಿತ್ತು, ಎರಡು ಮೂರು ಗಂಟೆಗೊಮ್ಮೆ ಬೇಕಾಗುತ್ತಿತ್ತು. ಹೆರಿಗೆಯಾದ ಮೇಲೂ ಮೂಗು ಬಿಡಲಿಲ್ಲ ಎಂದು ನನ್ನಲ್ಲಿಗೆ ಬಂದರು. ಬಸಿರಿನಿಂದ ಆದ ಊತ ಅಷ್ಟು ಹೊತ್ತಿಗೆ ಇಳಿದಿರಬೇಕಿತ್ತು. ಉಳಿದದ್ದು ಡ್ರಾಪ್ಸ್‌ನಿಂದ ಬಂದ ಊತ. ಮೊದಲು ಒಂದು ಹೊಳ್ಳೆಗೆ ಮಾತ್ರ ಹಾಕುವುದನ್ನು ನಿಲ್ಲಿಸಿದೆವು. ಅದು ಸರಿಯಾದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿದೆವು. ಜೊತೆಗೆ ಉಪ್ಪು ನೀರು ಮತ್ತು ಸ್ಟೀರಾಯ್ಡ್ ಸ್ಪ್ರೇ ಕೊಟ್ಟೆ. ಮೊದಲ ವಾರ ಕಷ್ಟಪಟ್ಟರು, ಆಮೇಲೆ ಸರಾಗವಾಯಿತು. ಸ್ಟೀರಾಯ್ಡ್ ಸ್ಪ್ರೇ ಅಲರ್ಜಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತಿಗೆಯಂತೆ ಬಸಿರಿನಿಂದಲೇ ಕಟ್ಟಿದ ಮೂಗಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಅದಕ್ಕೇ ನಾನು ಬರೆದುಕೊಡಲಿಲ್ಲ.

ಈಗ ಗೊರಕೆ. ನೀನು ಇದನ್ನು ಕೊನೆಯಲ್ಲಿ ಹೇಳಿದೆ, ಹಗುರವಾಗಿ ಹೇಳಿದೆ. ಮೂರರಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಮೂಗು ಕಟ್ಟಿದಾಗ ಬಾಯಲ್ಲಿ ಉಸಿರಾಡುತ್ತಾರೆ. ಆಗ ಬಾಯಿ ತೆರೆದು ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಗಂಟಲೂ ಸ್ವಲ್ಪ ಊದಿರುತ್ತದೆ, ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದಾಗ ಕುತ್ತಿಗೆಯ ಕಡೆಗೂ ಬರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗಿ ಮೆತ್ತನೆಯ ಭಾಗಗಳು ಅದುರುತ್ತವೆ, ಗೊರಕೆ ಬರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬರುತ್ತದೆ. ಅಷ್ಟೇ ಆಗಿದ್ದರೆ ಹೆದರಬೇಕಿಲ್ಲ.

ಆದರೆ ಬಸಿರಿನಲ್ಲೇ ಹೊಸದಾಗಿ ಗೊರಕೆ ಶುರುವಾದವರಲ್ಲಿ ಬಿಪಿ ಏರುವುದು, ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆಯಾಗುವ ಪ್ರಿ-ಎಕ್ಲಾಂಪ್ಸಿಯಾ ಆಗುವುದು ಉಳಿದವರಿಗಿಂತ ಹೆಚ್ಚು ಕಂಡಿದೆ. ಗೊರಕೆಯೇ ಬಿಪಿ ತರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಎರಡೂ ಜೊತೆಗಿರುವುದಂತೂ ಕಂಡಿದೆ, ಆದ್ದರಿಂದ ಹೆರಿಗೆ ಡಾಕ್ಟರಿಗೆ ಗೊರಕೆಯ ವಿಷಯ ತಿಳಿಸಲೇಬೇಕು. ಅವರೂ ಕೇಳುವುದಿಲ್ಲ, ಇವರೂ ನಾಚಿಕೆಯಿಂದ ಹೇಳುವುದಿಲ್ಲ. ಬಹಳ ಕಡೆ ಹೀಗೇ ಆಗುತ್ತಿದೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ.

ನೀನು ರಾತ್ರಿ ಸ್ವಲ್ಪ ಗಮನಿಸು. ಗೊರಕೆ ಇದ್ದಕ್ಕಿದ್ದಂತೆ ನಿಂತು, ಹತ್ತು ಸೆಕೆಂಡು ಉಸಿರೇ ಇಲ್ಲದಂತಿದ್ದು, ಆಮೇಲೆ ಏದುಸಿರಿನಿಂದ ಮತ್ತೆ ಶುರುವಾಗುತ್ತದಾ? ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದೆಯಾ? ಹಾಗಿದ್ದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ರಾತ್ರಿ ಪರೀಕ್ಷೆ ಮಾಡಿಸಬೇಕಾಗುತ್ತದೆ. ಬೇಕಾದರೆ ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಕೊಡುವ ಯಂತ್ರ ಬಳಸುತ್ತೇವೆ, ಬಸಿರಿನಲ್ಲಿ ಅದು ಸುರಕ್ಷಿತ.

ತಾಯಿ ಕಾರ್ಡಿನಲ್ಲಿ ಪ್ರತಿ ಸಲದ ಬಿಪಿ ಬರೆದಿರುತ್ತದೆ. ತೆಗೆದು ನೋಡು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ಡಾಕ್ಟರಿಗೆ ತೋರಿಸಬೇಕು. ಬಿಡದ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈ ದಿಢೀರ್ ಊದುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬಿಪಿ ಎಷ್ಟೆಂದು ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಇದ್ಯಾವುದೂ ಇಲ್ಲದಿದ್ದರೆ ಹೆರಿಗೆಯಾಗಿ ಎರಡು ವಾರದೊಳಗೆ ಮೂಗು ತಾನಾಗಿ ಬಿಡುತ್ತದೆ. ಆಗಲೂ ಬಿಡದಿದ್ದರೆ, ಅಥವಾ ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ನನಗೆ ತೋರಿಸು. ಬಸಿರಿನಲ್ಲಿ ಅಪರೂಪಕ್ಕೆ ಮೂಗಿನೊಳಗೆ ಮುಟ್ಟಿದರೆ ರಕ್ತ ಸುರಿಸುವ ಸಣ್ಣ ಕೆಂಪು ಗಂಟು ಬೆಳೆಯುತ್ತದೆ. ಕ್ಯಾನ್ಸರ್ ಅಲ್ಲ, ಎಷ್ಟೋ ಸಲ ಹೆರಿಗೆಯ ನಂತರ ತಾನೇ ಕುಗ್ಗುತ್ತದೆ, ಆದರೆ ನೋಡಿ ಖಚಿತ ಮಾಡಿಕೊಳ್ಳಬೇಕು.

ನಾಳೆ ಬೆಳಿಗ್ಗೆ ಅತ್ತಿಗೆಯ ಬಿಪಿ ನೋಡಿಸಿ ನನಗೆ ಮೆಸೇಜ್ ಮಾಡು. ಕಾರ್ಡಿನ ಹಿಂದಿನ ಮೂರು ಸಲದ ಬಿಪಿಯನ್ನೂ ಬರೆದು ಕಳಿಸು.

ನಿನ್ನ ಗೆಳೆಯ