ಈ ಮಳೆಗಾಲ ಅಂಗಡಿಯ ನೆಟ್ ಒಂದು ದಿನವೂ ಹೋಗಲಿಲ್ಲ

ನಮ್ಮದು ಮಲೆನಾಡಿನ ಒಂದು ರಸ್ತೆ ತಿರುವಿನಲ್ಲಿರುವ ಝೆರಾಕ್ಸ್ ಅಂಗಡಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ಕರೆಂಟ್ ಬಿಲ್ಲು, ಎಲ್ಲ ಇಲ್ಲೇ. ಹೋದ ವರ್ಷ ಮಳೆಗಾಲ ಪೂರ್ತಿ ಬಾಗಿಲಲ್ಲಿ ನಿಂತು "ನೆಟ್ ಇಲ್ಲ, ನಾಳೆ ಬನ್ನಿ" ಅಂದಿದ್ದೆ. ಕೊಡೆ ಮಡಚಿ ಒಳಗೆ ಬಂದವರು ಮತ್ತೆ ಕೊಡೆ ಬಿಚ್ಚಿ ಹೋಗುವುದನ್ನು ನೋಡುವಾಗ ಬೇಜಾರಾಗುತ್ತಿತ್ತು. ಈ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾತು ಹೇಳುವ ಪ್ರಸಂಗವೇ ಬರಲಿಲ್ಲ. ಅದಕ್ಕೆ ಕಾರಣರಾದ ನಾಲ್ಕು ಜನರಿಗೆ ಥ್ಯಾಂಕ್ಸ್ ಹೇಳೋಣ ಅಂತ ಕೂತಿದ್ದೇನೆ.

ಅಂಗಡಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಫೈಬರ್ ಬಂದಿರುವುದು ಮನೆಗೆ. ಮನೆ ಈಚೆ ದಿಣ್ಣೆಯ ಮೇಲೆ, ಅಂಗಡಿ ಆಚೆ ದಿಣ್ಣೆಯ ಮೇಲೆ. ನಡುವೆ ಅಡಿಕೆ ತೋಟ ಮತ್ತು ಒಂದು ಹಳ್ಳ. ನೇರ ಅಳತೆ 320 ಮೀಟರ್. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ನಂಬುವ ಹಾಗಿಲ್ಲ. ತೋಟದ ಮೇಲೆ ಫೈಬರ್ ಎಳೆದರೆ ಒಂದು ಸೋಗೆ ಬಿದ್ದರೂ ತುಂಡು. ಹಾಗಾಗಿ ಎರಡು ಔಟ್‌ಡೋರ್ ವೈರ್‌ಲೆಸ್ ಡಬ್ಬಿ ತಂದೆ. 5 ಗಿಗಾಹರ್ಟ್ಸ್‌ನವು. ಆಂಟೆನಾ ಒಳಗೇ ಇದೆ, ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಒಟ್ಟುಮಾಡುವ ಬಲ, ಅಂದರೆ ಗೇನ್, 13 ಡಿಬಿಐ. ಮನೆಯದು ನೆಟ್ ಕಳಿಸುವ ಆಕ್ಸೆಸ್ ಪಾಯಿಂಟ್, ಅಂಗಡಿಯದು ಅದನ್ನು ಹಿಡಿಯುವ ಕ್ಲೈಂಟ್, ಎರಡೂ ಬ್ರಿಡ್ಜ್ ಮೋಡ್, ಅಂದರೆ ನಡುವೆ ಒಂದು ಕೇಬಲ್ ಎಳೆದ ಹಾಗೆ. ಬಾಕ್ಸ್ ಮೇಲೆ 5 ಕಿಲೋಮೀಟರ್ ಅಂತ ಬರೆದಿತ್ತು. ನಮ್ಮದು ಅದರ ಹದಿನೈದರಲ್ಲಿ ಒಂದು ಪಾಲು. ಇನ್ನೇನು ಬೇಕು ಅಂದುಕೊಂಡೆ.

ಮನೆ ಉಪ್ಪರಿಗೆಯಿಂದ ಅಂಗಡಿಯ ಬೋರ್ಡು ಕಾಣುತ್ತಿತ್ತು. ಪಕ್ಕದ ತೋಟದ ಅಮ್ಮನ ಹಲಸಿನ ಮರದ ಎರಡು ಕೊಂಬೆಗಳ ಸಂದಿಯಿಂದ, ನಿಜ. ಆದರೂ ಕಾಣುತ್ತಿತ್ತಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಹಾಕಿದಾಗ ಸಿಗ್ನಲ್ -66 ತೋರಿಸಿತು. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ನೆಟ್ ಓಡಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ -78ಕ್ಕೆ ಇಳಿದು ಕಡಿಯತೊಡಗಿತು. ಎಲ್ಲರೂ ಹೇಳಿದ್ದು ಒಂದೇ: ಮಳೆ ಅಲ್ವಾ, ವೈರ್‌ಲೆಸ್ ಹಾಗೇ.

ಹಾಗಲ್ಲ ಅಂದವನು ನನ್ನ ಚಿಕ್ಕಪ್ಪನ ಮಗ. ಅವನಿಗೆ ಮೊದಲ ಥ್ಯಾಂಕ್ಸ್. ಫೋನಲ್ಲಿ ಅವನು ಕೇಳಿದ್ದು ಇಷ್ಟೇ: "ಮಳೆ ನಿಂತ ತಕ್ಷಣ ಸರಿಯಾಗ್ತದಾ ಅಣ್ಣ?" ನೋಡಿದೆ. ಆಗುತ್ತಿರಲಿಲ್ಲ. ಮಳೆ ನಿಂತು ಒಂದು ಗಂಟೆಯಾದರೂ -77. ಬಿಸಿಲು ಬಿದ್ದು ಎಲೆ ಆರಿದ ಮೇಲೆ ನಿಧಾನಕ್ಕೆ ಮೇಲೇರುತ್ತಿತ್ತು. ಗಾಳಿ ಬೀಸಿದಾಗ ಅಂಕಿ ಕುಣಿಯುತ್ತಿತ್ತು. ಈ ಫ್ರೀಕ್ವೆನ್ಸಿಯಲ್ಲಿ, ಇಷ್ಟು ಹತ್ತಿರಕ್ಕೆ, ಬೀಳುವ ಮಳೆ ಸಿಗ್ನಲ್ಲನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲವಂತೆ. ತಿನ್ನುವುದು ಒದ್ದೆ ಎಲೆ.

ಇನ್ನೊಂದು ಲೆಕ್ಕವನ್ನೂ ಅವನೇ ಮಾಡಿಕೊಟ್ಟ. ದಾರಿ ಖಾಲಿ ಇದ್ದರೆ 320 ಮೀಟರ್‌ನಲ್ಲಿ ಸಿಗ್ನಲ್‌ನ ಬಲ ಸುಮಾರು 98 ಡಿಬಿ ಕಳೆದುಹೋಗುತ್ತದೆ. ಡಬ್ಬಿ ಬಿಡುವ ಪವರ್ 20, ಎರಡು ಆಂಟೆನಾ ಸೇರಿ 26. ಕೂಡಿ ಕಳೆದರೆ -52 ಬರಬೇಕು. ಅಂದರೆ ಮೇ ತಿಂಗಳ ಬಿಸಿಲಲ್ಲೇ ನನಗೆ 14 ಡಿಬಿ ಕಮ್ಮಿ ಇತ್ತು. ಮಳೆಯಲ್ಲಿ 26 ಕಮ್ಮಿ, ಬರಬೇಕಾದ ಪವರ್‌ನ ನಾನೂರರಲ್ಲಿ ಒಂದು ಪಾಲು. ನೆಟ್ ಓಡುತ್ತಿದೆ ಅಂತ ನಾನು ಸುಮ್ನೆ ಇದ್ದೆ. ಬರಬೇಕಾದ ಅಂಕಿ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿದ್ದರೆ ಜೂನ್‌ವರೆಗೆ ಕಾಯಬೇಕಿರಲಿಲ್ಲ.

ಕಣ್ಣಿಗೆ ಕಂಡರೆ ಯಾಕೆ ಸಾಲದು? ರೇಡಿಯೋ ಅಲೆ ದಾರದ ಹಾಗೆ ಹೋಗುವುದಿಲ್ಲ. ಎರಡು ತುದಿಯಲ್ಲಿ ಸಣ್ಣಗಿದ್ದು ನಡುವೆ ಉಬ್ಬಿರುವ ಸೌತೆಕಾಯಿಯ ಹಾಗೆ ಜಾಗ ಬೇಡುತ್ತದೆ. ಫ್ರೆನೆಲ್ ಝೋನ್ ಅನ್ನುತ್ತಾರೆ. ನಮ್ಮ ದೂರಕ್ಕೆ ನಟ್ಟನಡುವೆ, ಡಬ್ಬಿಯಿಂದ ಡಬ್ಬಿಗೆ ಎಳೆದ ಗೆರೆಯ ಸುತ್ತ 2 ಮೀಟರ್. ಅದರಲ್ಲಿ ಶೇಕಡಾ 60, ಅಂದರೆ 1.2 ಮೀಟರ್ ಆದರೂ ಖಾಲಿ ಬೇಕು. ನನ್ನ ಕೊಂಬೆಯ ಸಂದಿ ಒಂದು ಅಡಿಯೂ ಇರಲಿಲ್ಲ.

ಹಲಸಿನ ಮರ ಕಡಿಯುವ ಮಾತೇ ಇಲ್ಲ. ಮನೆಯ ಕಡೆ ಡಬ್ಬಿಯನ್ನು 25 ಮೀಟರ್ ಪಕ್ಕಕ್ಕೆ, ನೀರಿನ ಟ್ಯಾಂಕಿನ ಮೇಲೆ ಇಡೋಣ ಅಂತ ಹೊರಟಿದ್ದೆ. ಚಿಕ್ಕಪ್ಪನ ಮಗ, ಅದೇ ತಮ್ಮ, ತಡೆದ. ಮರ ಇರುವುದು ಅಂಗಡಿಯಿಂದ 40 ಮೀಟರ್‌ನಲ್ಲಿ. ಮನೆ ಕಡೆ 25 ಮೀಟರ್ ಸರಿದರೆ ಮರದ ಹತ್ತಿರ ಗೆರೆ ಸರಿಯುವುದು ಬರೀ 3 ಮೀಟರ್. ಅದೇ ಅಂಗಡಿಯ ಆಚೆ ಮೂಲೆಗೆ 4 ಮೀಟರ್ ಸರಿಸಿದರೆ ಮರದ ಹತ್ತಿರ ಮೂರೂವರೆ ಮೀಟರ್ ಸರಿಯುತ್ತದೆ! ಕಾಗದದ ಮೇಲೆ ದಾರ ಇಟ್ಟು ನೋಡಿದಾಗ ನನಗೂ ಅರ್ಥವಾಯಿತು. ಅಡ್ಡ ಇರುವುದು ಯಾವ ತುದಿಗೆ ಹತ್ತಿರವೋ ಆ ತುದಿಯನ್ನೇ ಸರಿಸಬೇಕು. ಆದರೂ ಎರಡು ರೆಂಬೆ ಅಡ್ಡ ಉಳಿದವು. ಅವನ್ನು ಸವರಲು ಆ ಅಮ್ಮ ಬೇಡ ಅನ್ನಲಿಲ್ಲ. "ಹಣ್ಣು ಬಿಡುವ ಕೊಂಬೆ ಮುಟ್ಟಬೇಡ ಮಾರಾಯ" ಅಂದರು, ಅಷ್ಟೇ. ಅವರಿಗೆ ಎರಡನೆಯ ಥ್ಯಾಂಕ್ಸ್.

ಇನ್ನು ಉಳಿದದ್ದು ತೋಟದ ತಲೆ. ಅಡಿಕೆ ಮರದ ತುದಿಯಿಂದ ಗೆರೆ ಎಷ್ಟು ಮೇಲಿದೆ ಅಂತ ದಿಣ್ಣೆಯಲ್ಲಿ ನಿಂತು ಅಳೆಯುವುದು ಹೇಗೆ? ಅದಕ್ಕೆ ದಾರಿ ತೋರಿಸಿದವರು ಅಡಿಕೆ ಕೊನೆ ಕೊಯ್ಯಲು ನಮ್ಮ ತೋಟಕ್ಕೆ ಬರುವ ಕೊನೆಗೌಡರು. ನಡುತೋಟದ ಅತಿ ಎತ್ತರದ ಮರ ಹತ್ತಿ, ದೋಟಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ ಮೇಲಕ್ಕೆ ಹಿಡಿದರು. ಬಟ್ಟೆ ಸೋಗೆಯ ಮೇಲೆ ಸರಿಯಾಗಿ 6 ಅಡಿಗೆ. 1.2 ಮೀಟರ್ ಅಂದರೆ 4 ಅಡಿ, ಮರ ಬೆಳೆಯುತ್ತದಲ್ಲ, ಅದಕ್ಕೆ ಇನ್ನೆರಡು. ನಾನು ಅಂಗಡಿಯ ಮೂಲೆಯಲ್ಲಿ ಏಣಿ ಹತ್ತುತ್ತಾ ಹೋದೆ. ಮನೆಯ ಡಬ್ಬಿ ಬಟ್ಟೆಗಿಂತ ಮೇಲೆ ಕಾಣುವ ಎತ್ತರ ಎಲ್ಲಿ ಸಿಕ್ಕಿತೋ ಅದೇ ಕಂಬದ ಎತ್ತರ. 18 ಅಡಿ ಬಂತು.

ಕಂಬ ಮಾಡಿಕೊಟ್ಟದ್ದು ಪೇಟೆಯ ವೆಲ್ಡಿಂಗ್ ಅಣ್ಣ. ಎರಡಿಂಚಿನ ಜಿಐ ಪೈಪು, ಮೂರು ದಿಕ್ಕಿಗೆ ಎಳೆತಂತಿ, ಬುಡದಿಂದ ಅರ್ತಿಂಗ್ ಪಟ್ಟಿ. ನಮ್ಮಲ್ಲಿ ಸಿಡಿಲು ಜಾಸ್ತಿ. ಅರ್ತಿಂಗ್ ಇಲ್ಲದೆ ಕಂಬ ಕೊಡುವುದಿಲ್ಲ ಅಂತ ಹಠ ಹಿಡಿದವರು ಅವರೇ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಸುತ್ತು ಬಿಟ್ಟು ಕಟ್ಟಿದರು, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಡಬ್ಬಿ ತಿರುಗಿಸುವ ದಿನ ಮನೆ ಕಡೆ ತಮ್ಮ, ಅಂಗಡಿ ಕಡೆ ನಾನು. ಫೋನ್ ಹತ್ತದ ಕಾರಣ ಕೂ ಹಾಕಿಯೇ ಮಾತು. ತಿರುಗಿಸುತ್ತಾ -68ಕ್ಕೆ ಬಂತು, ಆಮೇಲೆ ಇಳಿಯಿತು. ಸಿಕ್ಕಿತು ಅಂತ ಬೋಲ್ಟು ಬಿಗಿಯಲು ಹೊರಟೆ. ಆಚೆಯಿಂದ "ಇನ್ನೂ ತಿರುಗ್ಸೋ" ಅಂತ ಕೂಗು. ಇಳಿದದ್ದನ್ನು ದಾಟಿ ಹೋದ ಮೇಲೆ ಮತ್ತೆ ಏರಿ -53ಕ್ಕೆ ನಿಂತಿತು. ಮೊದಲು ಸಿಕ್ಕಿದ್ದು ಆಂಟೆನಾದ ಪಕ್ಕದ ಕಿರು ಕವಲು ಅಂತೆ. ಲೆಕ್ಕದ -52 ತಲೆಯಲ್ಲಿ ಇರದಿದ್ದರೆ ಅಲ್ಲೇ ಬಿಗಿದು ಬಿಡುತ್ತಿದ್ದೆ.

ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು ಅಂತ ಇಟ್ಟಿದ್ದೇವೆ. ಮನೆಯ ಪ್ಲಾನ್ 40 ಎಂಬಿಪಿಎಸ್, ಅದಕ್ಕಿಂತ ಅಗಲದ ರಸ್ತೆ ಕಟ್ಟಿ ಏನು ಮಾಡುವುದು? ಈ ವರ್ಷ ಜುಲೈಯಲ್ಲಿ ಒಂದೇ ಒಂದು ಮಧ್ಯಾಹ್ನ ಎದೆ ಧಸಕ್ ಅಂದಿತ್ತು. ಅಂಗಡಿಯಿಂದ ಇದನ್ನು ಹೊಡೆದೆ:

```
ping 192.168.1.2
ping 192.168.1.1
```

ಮೊದಲನೆಯದು ಮನೆಯ ಡಬ್ಬಿ, ಎರಡನೆಯದು ಮನೆಯ ರೂಟರ್. ಎರಡಕ್ಕೂ ಉತ್ತರ ಬಂತು. ಅಂದರೆ ನಮ್ಮ ಗಾಳಿಯ ದಾರಿ ಸರಿ ಇದೆ, ಹೋಗಿದ್ದು ಫೈಬರ್. ಹತ್ತು ನಿಮಿಷಕ್ಕೆ ಬಂತು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಗೌಡರು ಆ ದಿನ ಮರ ಹತ್ತಿದ್ದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಮೊನ್ನೆ ಜಡಿಮಳೆಯಲ್ಲಿ ಪಹಣಿ ತೆಗೆಸಲು ಬಂದಿದ್ದರು. ಸಿಗ್ನಲ್ -54 ಇತ್ತು. ದುಡ್ಡು ಬೇಡ ಅಂದೆ. ಅವರು ಝೆರಾಕ್ಸ್ ಮೆಷಿನ್ ಮೇಲೆ ನೋಟು ಇಟ್ಟು, "ತೋಟದ ತಲೆ ನಾನು ನೋಡ್ಕೋತೇನೆ, ನೀವು ಇದನ್ನು ನೋಡ್ಕೊಳ್ಳಿ" ಅಂತ ಕೊಡೆ ಬಿಚ್ಚಿಕೊಂಡು ಹೋದರು.