ಎರಡೂ ರಿಪೋರ್ಟ್ ಸರಿಯಾಗಿಯೇ ಇವೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ರಿಪೋರ್ಟ್ ಫೋಟೋ ನೋಡಿದೆ. ಮಗುವಿಗೆ ಮೂರು ತಿಂಗಳಿದ್ದಾಗ ಮಾಡಿಸಿದ್ದರಲ್ಲಿ ಟಿಎಸ್‌ಎಚ್ 0.03. ಈಗ ಏಳನೇ ತಿಂಗಳಲ್ಲಿ 24. "ಲ್ಯಾಬಿನವರು ಯಾರದ್ದೋ ರಕ್ತ ನೋಡಿರಬೇಕು, ಅಕ್ಕ" ಅಂತ ನಿಮ್ಮಮ್ಮ ಫೋನಿನಲ್ಲಿ ಒಂದೇ ಸಮನೆ ಗೊಣಗಿದಳು. ಮೂವತ್ತು ವರ್ಷ ಲ್ಯಾಬಿನಲ್ಲಿ ಕೂತವಳು ನಾನು, ಹಾಗೆ ಆಗುವುದೇ ಇಲ್ಲ ಅಂತ ಹೇಳಲಾರೆ. ಆದರೆ ನಿನ್ನ ವಿಷಯದಲ್ಲಿ ಎರಡೂ ಸರಿಯಾಗಿಯೇ ಇವೆ ಅನಿಸುತ್ತದೆ. ಫೋನಿನಲ್ಲಿ ಹೇಳೋಣ ಅಂದರೆ ಮಗು ಅತ್ತ ಕೂಡಲೇ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಹಾರ್ಮೋನ್ ಮಾಡು ಅಂತ ಥೈರಾಯ್ಡ್‌ಗೆ ಹೇಳಲು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ಅದು ಮೇಸ್ತ್ರಿ ಇದ್ದ ಹಾಗೆ. ಕೆಲಸ ಕಡಿಮೆಯಾದರೆ ಜೋರಾಗಿ ಕೂಗುತ್ತಾನೆ, ಜಾಸ್ತಿಯಾದರೆ ಬಾಯಿ ಮುಚ್ಚುತ್ತಾನೆ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. ಅಂದರೆ 0.03 ಇದ್ದಾಗ ನಿನ್ನ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇತ್ತು. 24 ಅಂದರೆ ಈಗ ಸಾಲುತ್ತಿಲ್ಲ.

ಆಗ ನಾನು ಬಂದಿದ್ದು ನೆನಪಿದೆ ಅಲ್ವಾ? ನಿನಗೆ ಸ್ವೆಟರ್ ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟಿದ್ದರು. ನೀನು ಬೆವರುತ್ತಿದ್ದೆ. ಬಾಣಂತಿ ಕೋಣೆ ಬೆಚ್ಚಗಿರುತ್ತೆ, ಬೆವರದೆ ಇನ್ನೇನು ಅಂತ ಎಲ್ಲರೂ ಅಂದರು. ಆದರೆ ಲೇಹ್ಯದ ಚಮಚ ನಿನ್ನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ನಾನು ನೋಡಿದ್ದು ಅದನ್ನು.

ಆವತ್ತು ರಾತ್ರಿ ಮಗುವನ್ನು ನಾನೇ ಎತ್ತಿಕೊಂಡು ಹೊರಗೆ ಬಂದೆ, ನೀನು ಮಲಗಲಿ ಅಂತ. ಬೇರೆ ಬಾಣಂತಿಯರಾದರೆ ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ನೀನು ಸೂರು ನೋಡುತ್ತಾ ಮಲಗಿದ್ದೆ. ಕೈ ಹಿಡಿದು ಗಡಿಯಾರ ನೋಡಿ ಎಣಿಸಿದೆ. ನಾಡಿ 108, ಅದೂ ಸುಮ್ನೆ ಮಲಗಿದ್ದಾಗ! ಮಗು ನಿದ್ದೆ ಕೆಡಿಸುವುದಕ್ಕೂ ಥೈರಾಯ್ಡ್ ನಿದ್ದೆ ಕೆಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದರಲ್ಲಿ ಅವಕಾಶ ಸಿಕ್ಕರೆ ನಿದ್ದೆ ಬರುತ್ತದೆ. ಎರಡನೆಯದರಲ್ಲಿ ಅವಕಾಶ ಸಿಕ್ಕರೂ ಬರುವುದಿಲ್ಲ.

ಯಾಕೆ ಅಂದರೆ, ನಿದ್ದೆ ಹತ್ತಬೇಕಾದರೆ ಒಳಮೈಯ ಬಿಸಿ ಸ್ವಲ್ಪ ಇಳಿಯಬೇಕು, ಎದೆಬಡಿತ ನಿಧಾನವಾಗಬೇಕು. ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದಾಗ ಮೈಯೊಳಗಿನ ಒಲೆ ದೊಡ್ಡ ಉರಿಯಲ್ಲೇ ಇರುತ್ತದೆ, ಬಿಸಿ ಇಳಿಯುವುದಿಲ್ಲ. ಇನ್ನೊಂದು, ಹೃದಯಕ್ಕೆ ಅಡ್ರಿನಲಿನ್ ಮೇಲೆ ಸೂಕ್ಷ್ಮ ಜಾಸ್ತಿಯಾಗುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಎಂದಿನಷ್ಟೇ ಇದ್ದರೂ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಮೈ ಸುಸ್ತಾಗಿರುತ್ತದೆ, ಮನಸ್ಸು ಮಾತ್ರ ಕಾವಲು ಕೂತಿರುತ್ತದೆ.

ಆಗ ಡಾಕ್ಟರ್ ಥೈರಾಯ್ಡ್ ತಗ್ಗಿಸುವ ಮಾತ್ರೆಯನ್ನೇ ಕೊಡಲಿಲ್ಲ, ಬರೀ ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಕೊಟ್ಟರು ಅಂತ ನಿಮ್ಮಮ್ಮನಿಗೆ ಸಿಟ್ಟು. ಅವರು ಮಾಡಿದ್ದು ಸರಿ. ನಿನ್ನ ಗ್ರಂಥಿ ಹಾರ್ಮೋನನ್ನು ಜಾಸ್ತಿ ತಯಾರಿಸುತ್ತಿರಲಿಲ್ಲ, ಸೋರಿಸುತ್ತಿತ್ತು. ಥೈರಾಯ್ಡ್ ಎರಡು ಮೂರು ತಿಂಗಳಿಗಾಗುವಷ್ಟು ಹಾರ್ಮೋನನ್ನು ಮೊದಲೇ ಮಾಡಿ ಕೂಡಿಟ್ಟುಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಕೆಲವರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿ ಬಿದ್ದು ಗ್ರಂಥಿಗೆ ಪೆಟ್ಟು ಕೊಡುತ್ತದೆ. ಕಣಜ ಒಡೆದು ದಾಸ್ತಾನು ರಕ್ತಕ್ಕೆ ಸುರಿಯುತ್ತದೆ. ತಯಾರಿಕೆ ನಿಲ್ಲಿಸುವ ಮಾತ್ರೆ ಕೊಟ್ಟರೆ ಸೋರುವುದು ನಿಲ್ಲುತ್ತದೆಯೇ? ಎದೆಬಡಿತ, ನಡುಕ ಇಳಿಸಿ ಕಾಯುವುದಷ್ಟೇ ದಾರಿ. ಮೈ ಹೀಗೆ ಥೈರಾಯ್ಡ್ ಮೇಲೆ ತಿರುಗಿ ಬಿದ್ದಿರುವುದನ್ನು ತೋರಿಸುವ ಆ್ಯಂಟಿಬಾಡಿ, ಆ್ಯಂಟಿ ಟಿಪಿಒ, ನಿನಗೆ ಜಾಸ್ತಿ ಇತ್ತು. ಗ್ರೇವ್ಸ್ ಕಾಯಿಲೆಯನ್ನು ಗುರುತಿಸುವ ಆ್ಯಂಟಿಬಾಡಿ ಇರಲಿಲ್ಲ. ಅದು ಇದ್ದಿದ್ದರೆ ಗ್ರಂಥಿ ನಿಜವಾಗಿಯೂ ಜಾಸ್ತಿ ತಯಾರಿಸುತ್ತಿದೆ ಅಂತ, ಚಿಕಿತ್ಸೆಯೂ ಬೇರೆ.

ಕಣಜ ಖಾಲಿಯಾದ ಮೇಲೆ ಏನು? ಪೆಟ್ಟು ತಿಂದ ಗ್ರಂಥಿಗೆ ಹೊಸದಾಗಿ ತಯಾರಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೇ ನಾಲ್ಕರಿಂದ ಎಂಟನೇ ತಿಂಗಳ ನಡುವೆ ಈ ಇನ್ನೊಂದು ಮುಖ. ಒಂದೇ ಕಾಯಿಲೆ, ಎರಡು ಕಂತು.

ಈಗ ಹತ್ತು ಗಂಟೆ ಮಲಗಿದರೂ ಮಲಗಿದ ಹಾಗೇ ಇಲ್ಲ ಅಂತ ಬರೆದಿದ್ದೀಯ. ಅದು ಸೋಮಾರಿತನ ಅಲ್ಲ, ಯಾರಾದರೂ ಅಂದರೆ ಈ ಕಾಗದ ಓದಿ ಹೇಳು. ಹಾರ್ಮೋನ್ ಕಡಿಮೆಯಾದರೆ ಒಲೆಯ ಉರಿ ಸಣ್ಣದಾಗುತ್ತದೆ. ಮಾಂಸಖಂಡ, ಹೃದಯ, ಕರುಳು, ಮೆದುಳು ಎಲ್ಲವೂ ನಿಧಾನ. ಚಳಿ, ಮಲಬದ್ಧತೆ, ಒಡೆದ ಚರ್ಮ, ಎಲ್ಲ ಒಟ್ಟಿಗೆ ಬರುವುದು ಅದಕ್ಕೇ. ನಿದ್ದೆ ಉದ್ದವಾಗುತ್ತದೆ, ಆದರೆ ಅದರಲ್ಲಿ ಗಾಢ ನಿದ್ದೆಯ ಪಾಲು ಕಡಿಮೆ. ಕೆಲವರಿಗೆ ನಾಲಿಗೆ, ಗಂಟಲು ಸ್ವಲ್ಪ ಊದಿಕೊಂಡು ಗೊರಕೆ ಶುರುವಾಗುತ್ತದೆ, ನಡುನಡುವೆ ಉಸಿರೂ ಕಟ್ಟುತ್ತದೆ. ನೀನು ಗೊರಕೆ ಹೊಡೆಯುತ್ತೀಯಾ ಅಂತ ನಿನ್ನ ಗಂಡನನ್ನು ಕೇಳು. ನಾಚಿಕೆ ಬೇಡ, ಡಾಕ್ಟರಿಗೆ ಹೇಳಬೇಕಾದ ವಿಷಯ ಅದು. ಹಿಮೋಗ್ಲೋಬಿನ್ ಕೂಡ ನೋಡಿಸು. ಮತ್ತೆ ಬರೀ ಸುಸ್ತಲ್ಲದೆ ಮನಸ್ಸಿಗೂ ಏನೂ ಬೇಡ ಅನಿಸುತ್ತಿದ್ದರೆ ಅದನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು. ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬಾರದು.

ಇನ್ನು ಮಾತ್ರೆ. ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಬರೆದಿದ್ದಾರೆ, ಅಂದರೆ ಸಾಲದೆ ಬಂದ ಥೈರಾಯ್ಡ್ ಹಾರ್ಮೋನನ್ನೇ ಮಾತ್ರೆಯಾಗಿ ಕೊಡುವುದು. ಎದೆಹಾಲು ಕೊಡುವವರಿಗೂ ಅದು ಆಗುತ್ತದೆ, ಹೆದರಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟೇ ಕಾಫಿ. ಬಾಣಂತಿಗೆ ಅಂತ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಲ್ಯಾಬಿನವಳಾಗಿಯೂ ನಾನು ತಿಂಗಳುಗಟ್ಟಲೆ ಫಿಲ್ಟರ್ ಕಾಫಿಯ ಜೊತೆಗೇ ಇದೇ ಮಾತ್ರೆ ನುಂಗಿದೆ. ಮಾತ್ರೆ ಸರಿಯಾಗಿ ಹೀರಿಕೊಳ್ಳಲಿಲ್ಲ, ಟಿಎಸ್‌ಎಚ್ ಇಳಿಯಲಿಲ್ಲ, ಡೋಸ್ ಏರಿಸಿದರು. ಆಮೇಲೆ ಬುದ್ಧಿ ಬಂದು ಕಾಫಿ ಮುಂದೂಡಿದೆ. ಒಂದೆರಡು ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಎದೆ ಡವಡವ, ಕಣ್ಣು ಬಿಟ್ಟುಕೊಂಡು ಕೂತೆ. ಏರಿಸಿದ ಡೋಸ್ ಈಗ ಪೂರ್ತಿ ಮೈಗೆ ಸೇರುತ್ತಿತ್ತು! ಮಾತ್ರೆಯಿಂದಲೂ ನಿದ್ದೆಗೇಡು ಬರುತ್ತದೆ ಅಂತ ಆವತ್ತು ಗೊತ್ತಾಯಿತು. ಹಾಗಾಗಿ ಸುಸ್ತು ಹೋಗಲಿಲ್ಲ ಅಂತ ನೀನೇ ಎರಡು ಮಾತ್ರೆ ನುಂಗಬೇಡ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಮಟ್ಟ ನೆಲೆಗೊಳ್ಳಲು ಐದಾರು ವಾರ. ಅದಕ್ಕೇ ಮುಂದಿನ ಪರೀಕ್ಷೆಯನ್ನು ಆರು ವಾರಕ್ಕೆ ಹೇಳಿರುವುದು.

ಜೀವನಪೂರ್ತಿ ಮಾತ್ರೆಯಾ ಅಂತ ಕೇಳಿದ್ದೀಯ. ಈಗಲೇ ಹೇಳಲು ಆಗುವುದಿಲ್ಲ. ಹೆಚ್ಚಿನವರಿಗೆ ಹೆರಿಗೆಯಾಗಿ ಒಂದು, ಒಂದೂವರೆ ವರ್ಷದೊಳಗೆ ಗ್ರಂಥಿ ಚೇತರಿಸಿಕೊಳ್ಳುತ್ತದೆ. ಆಗ ಡಾಕ್ಟರೇ ಡೋಸ್ ಇಳಿಸಿ ನೋಡುತ್ತಾರೆ. ಕೆಲವರಿಗೆ ಉಳಿದುಬಿಡುತ್ತದೆ. ಇನ್ನೊಂದು ಮಗು ಬೇಕು ಅಂತಿದ್ದರೆ ಮೊದಲೇ ಅವರಿಗೆ ಹೇಳು.

ಪರೀಕ್ಷೆಗೆ ಟಿಎಸ್‌ಎಚ್ ಜೊತೆ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಇರಲಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸು, ಇಲ್ಲದಿದ್ದರೆ ಯಂತ್ರವೇ ಮೋಸ ಹೋಗುತ್ತದೆ. ರಿಪೋರ್ಟ್ ಬಂದ ಮೇಲೆ ಪೂರ್ತಿ ಹಾಳೆ ಫೋಟೋ ತೆಗೆದು ಕಳಿಸು. ಹೋದ ಸಲ ಬಲಗಡೆ ಅರ್ಧ ಕಟ್ಟಾಗಿತ್ತು.

ನಿನ್ನ
ದೊಡ್ಡಮ್ಮ