ಆರೇ ಸ್ವರ, ಮೂರು ಮನಸ್ಸು

ಪ್ರೀತಿಯ ಪ್ರಕಾಶ,

ನಿನ್ನ ಪತ್ರದ ಕೊನೆಯ ಸಾಲು ನನ್ನನ್ನು ಕೆಣಕಿತು. "ಈ ರಾಗ ವಿರಹ, ಆ ರಾಗ ಮಿಲನ ಅಂತಾರಲ್ಲ, ಅದೆಲ್ಲ ಸುಮ್ನೆ ಕಟ್ಟಿದ ಮಾತು ಅಲ್ವಾ?" ಅಂತ ಕೇಳಿದ್ದೀಯ. ಒಂದಿಷ್ಟು ಕಟ್ಟಿದ ಮಾತು ಹೌದು. ಆದರೆ ಪೂರ್ತಿ ಅಲ್ಲ. ಎಲ್ಲ ರಾಗಗಳ ಗೊಡವೆ ಬೇಡ. ಹಿಂದೂಸ್ತಾನಿಯ ಮೂರೇ ಮೂರು ರಾಗ ತೆಗೆದುಕೊಳ್ಳೋಣ. ಮಾರ್ವಾ, ಪೂರಿಯಾ, ಸೋಹನಿ.

ಈ ಮೂರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮೂರರಲ್ಲೂ ಇರುವುದು ಅದೇ ಆರು ಸ್ವರ. ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಪಂಚಮ ಮೂರರಲ್ಲೂ ಇಲ್ಲ. ಹಾರ್ಮೋನಿಯಂ ಮೇಲೆ ಒತ್ತುವ ಮನೆಗಳು ಒಂದೇ. ಹೀಗಿದ್ದೂ ಮಾರ್ವಾ ಕೇಳಿದರೆ ಒಳಗೆ ಏನೋ ತಳಮಳ, ಪೂರಿಯಾ ಕೇಳಿದರೆ ಗಾಂಭೀರ್ಯ, ಸೋಹನಿಯಲ್ಲಿ ಚುರುಕು, ಒಂದು ಬಗೆಯ ಒಲವಿನ ಹಟ. ಭಾವ ಸ್ವರದಲ್ಲೇ ಕೂತಿದ್ದರೆ ಹೀಗಾಗಬಾರದಿತ್ತು, ಅಲ್ವಾ?

ಮೊದಲು ಮಾರ್ವಾ. ಸೂರ್ಯ ಮುಳುಗುವ ಹೊತ್ತಿನ ರಾಗ. ಪಂಚಮ ಇಲ್ಲದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ಕೆಳಗಿನ ಸಪ್ತಕದ, ಅಂದರೆ ಮಂದ್ರ ನಿಷಾದಕ್ಕೆ ಕೂಡಿಸುತ್ತಾರೆ. ಉಳಿದ ತಂತಿಗಳು ರಾಗದ ನೆಲೆಯಾದ ಷಡ್ಜವನ್ನೇ ನುಡಿಯುತ್ತಿರುತ್ತವೆ. ಹಾಡುವವರು ಮಾತ್ರ ಆ ಷಡ್ಜದ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತಾರೆ. ಮಂದ್ರ ನಿಷಾದದಿಂದ ನೇರವಾಗಿ ರಿಷಭಕ್ಕೆ ಹಾರುತ್ತಾರೆ, ನಡುವಿನ ಷಡ್ಜವನ್ನು ಮುಟ್ಟುವುದಿಲ್ಲ. ಮೇಲೆ ಹೋದಾಗಲೂ ಹಾಗೇ. ನಿಷಾದ, ಮೇಲಿನ ಸಪ್ತಕದ ತಾರ ರಿಷಭ, ಮತ್ತೆ ನಿಷಾದ, ಧೈವತ. ನಿಲ್ಲುವುದು ರಿಷಭದಲ್ಲಿ ಇಲ್ಲವೇ ಧೈವತದಲ್ಲಿ.

ಕೋಮಲ ರಿಷಭ ಷಡ್ಜಕ್ಕೆ ಅಂಟಿಕೊಂಡೇ ಇರುವ ಸ್ವರ. ತಂಬೂರಿಯಲ್ಲಿ ಷಡ್ಜ ಮೊಳಗುತ್ತಿರುವಾಗ ಗಾಯಕ ಅದರ ಪಕ್ಕದಲ್ಲೇ ರಿಷಭ ಹಿಡಿದು ನಿಂತರೆ ಎರಡು ಧ್ವನಿಗಳೂ ಒಂದಕ್ಕೊಂದು ಉಜ್ಜುತ್ತವೆ. ನಮ್ಮ ಕಿವಿ ಆ ಗುದ್ದಾಟ ಮುಗಿಯಲಿ ಎಂದು ಕಾಯುತ್ತದೆ. ಅರ್ಧ ಹೆಜ್ಜೆ ಕೆಳಗಿಳಿದರೆ ಮನೆ. ಇಳಿಯುವುದಿಲ್ಲ!

ಇನ್ನೂ ಒಂದು ವಿಷಯ ಇದೆ, ನನಗೆ ಇದೇ ಜಾಸ್ತಿ ಇಷ್ಟ. ರಾಗದ ಮುಖ್ಯ ಸ್ವರವಾದ ವಾದಿ, ಅದರ ಜೊತೆಗಾರ ಸ್ವರವಾದ ಸಂವಾದಿ, ಇವೆರಡರ ನಡುವೆ ಸಾಮಾನ್ಯವಾಗಿ ಷಡ್ಜ-ಪಂಚಮದ ಅಥವಾ ಷಡ್ಜ-ಮಧ್ಯಮದ ಅಂತರ ಇರುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಹೊಂದಿಕೊಳ್ಳುತ್ತವೆ. ಮಾರ್ವಾದಲ್ಲಿ ವಾದಿ ಕೋಮಲ ರಿಷಭ, ಸಂವಾದಿ ಶುದ್ಧ ಧೈವತ. ಇವೆರಡರ ನಡುವೆ ಆ ಹೊಂದಾಣಿಕೆ ಇಲ್ಲ. ರಾಗ ಊರಿಕೊಂಡು ನಿಂತ ಎರಡು ಕಾಲುಗಳೇ ಒಂದಕ್ಕೊಂದು ಹೊಂದದಿದ್ದರೆ ನೆಮ್ಮದಿ ಎಲ್ಲಿಂದ ಬರಬೇಕು? ವಿರಹ ಅಂದಾಗ ಹೇಳುವ ಚಡಪಡಿಕೆ ಇಲ್ಲಿ ಬರಿಯ ಹೋಲಿಕೆಯಲ್ಲ, ಕಿವಿಗೆ ನಿಜವಾಗಿ ಆಗುವ ಅನುಭವ.

ಮಾರ್ವಾ ಕೆಡುವುದು ಕೂಡ ಇಲ್ಲೇ. ಗಾಯಕ ಆತುರಪಟ್ಟು ಮತ್ತೆ ಮತ್ತೆ ಷಡ್ಜಕ್ಕೆ ಬಂದು ಕೂತರೆ ತಳಮಳವೇ ಆವಿಯಾಗುತ್ತದೆ. ಗಾಂಧಾರದ ಮೇಲೆ ಸ್ವಲ್ಪ ಜಾಸ್ತಿ ನಿಂತು, ನಿಷಾದಕ್ಕೂ ತೂಕ ಕೊಟ್ಟರೋ, ಗೊತ್ತಾಗುವ ಮೊದಲೇ ಪೂರಿಯಾ ಒಳಗೆ ಬಂದು ಕೂತಿರುತ್ತದೆ. ಯಾಕೆಂದರೆ ಪೂರಿಯಾದ ವಾದಿ ಗಾಂಧಾರ, ಸಂವಾದಿ ನಿಷಾದ. ಇವೆರಡೂ ಚೆನ್ನಾಗಿ ಹೊಂದುವ ಜೋಡಿ. ರಿಷಭದ ಉಜ್ಜಾಟ ಹಿಂದೆ ಸರಿಯುತ್ತದೆ. ಮಂದ್ರ ಸಪ್ತಕದಲ್ಲಿ ನಿಧಾನವಾಗಿ ಓಡಾಡುವ ರಾಗ ಇದು. ಹಂಬಲ ಇದರಲ್ಲೂ ಇದೆ, ಆದರೆ ಗಡಿಬಿಡಿ ಇಲ್ಲ.

ಸೋಹನಿ ಇದಕ್ಕೆ ಪೂರಾ ಉಲ್ಟಾ. ಅದರ ಆಟವೆಲ್ಲ ಮೇಲಿನ ಅರ್ಧದಲ್ಲಿ. ಏರುವಾಗ ರಿಷಭವನ್ನು ಬಿಟ್ಟು, ಗಾಂಧಾರ, ಮಧ್ಯಮ, ಧೈವತ, ನಿಷಾದ ಅಂತ ಹತ್ತಿ ತಾರ ಷಡ್ಜಕ್ಕೆ ಹೋಗಿ ಅಲ್ಲೇ ಮಿನುಗುತ್ತದೆ. ಮಾರ್ವಾ ಯಾವ ಷಡ್ಜವನ್ನು ಮುಟ್ಟಲು ಹಿಂಜರಿಯುತ್ತದೋ, ಸೋಹನಿ ಅದನ್ನೇ ತಲೆಯ ಮೇಲೆ ಹೊತ್ತು ಕುಣಿಯುತ್ತದೆ. ರಾತ್ರಿಯ ಕೊನೆಯ ಜಾವದ ರಾಗ. ಓಟ ಚುರುಕು, ರಚನೆಗಳೂ ಹೆಚ್ಚಾಗಿ ಚಿಕ್ಕವು. 1960ರ 'ಮೊಘಲ್-ಎ-ಆಜಮ್' ಚಿತ್ರದಲ್ಲಿ ಸಲೀಂ ಮತ್ತು ಅನಾರ್ಕಲಿ ಒಬ್ಬರನ್ನೊಬ್ಬರು ನೋಡುತ್ತಾ ಇರುವ ದೃಶ್ಯಕ್ಕೆ ಬಡೇ ಗುಲಾಂ ಅಲಿ ಖಾನ್ ಹಾಡಿದ್ದು ಸೋಹನಿಯನ್ನೇ. ಅದೇ ಜಾಗದಲ್ಲಿ ಮಾರ್ವಾ ಹಾಕಿದ್ದರೆ? ಆರೂ ಸ್ವರ ಅವೇ ಆದರೂ ಇಬ್ಬರಲ್ಲಿ ಒಬ್ಬರು ಆಗಲೇ ಹೊರಟುಹೋದ ಹಾಗೆ ಕೇಳಿಸುತ್ತಿತ್ತು ಅಂತ ನನ್ನ ಅನಿಸಿಕೆ.

ಈಗ ನಿನ್ನ ಸಂಶಯದ ಕಡೆಗೆ ಬರುತ್ತೇನೆ. ತಳಮಳ ಕಿವಿಯದು ಅಂತ ಒಪ್ಪೋಣ. ಆದರೆ ಅದನ್ನು "ನಲ್ಲನ ವಿರಹ" ಅಂತ ಕರೆದವರು ಯಾರು? ಅದು ಹಾಡಿನ ಸಾಹಿತ್ಯದ ಕೆಲಸ. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನ್ ಅವರ ಮಾರ್ವಾ ಧ್ವನಿಮುದ್ರಿಕೆ ತೆಗೆದುಕೋ. ಮೊದಲು ಬರುವ ನಿಧಾನಗತಿಯ ಹಾಡು, ಅಂದರೆ ವಿಲಂಬಿತ ಖ್ಯಾಲಿನ ಮಾತು, ನನ್ನ ಪ್ರಿಯ ಬೇರೆ ನಾಡಿಗೆ ಹೋದ ಎಂಬುದು. ಪಕ್ಕಾ ವಿರಹ. ಅದು ಮುಗಿದು ವೇಗದ ದ್ರುತ್ ಶುರುವಾದರೆ ಮಾತೇ ಬೇರೆ: ಗುರುವಿಲ್ಲದೆ ಜ್ಞಾನ ಸಿಗದು. ರಾಗ ಅದೇ, ಕಂಠ ಅದೇ. ನಲ್ಲನಿಗಾಗಿ ಇದ್ದ ಹಂಬಲ ಗುರುವಿನ ಕಡೆ ತಿರುಗಿತು, ಅಷ್ಟೇ. ರಾಗಕ್ಕೆ ಹಂಬಲ ಗೊತ್ತು, ಯಾರಿಗಾಗಿ ಅನ್ನುವುದು ಗೊತ್ತಿಲ್ಲ. ನಮ್ಮ ಕರ್ನಾಟಕ ಸಂಗೀತದಲ್ಲಿ ಸೋಹನಿಯ ಸ್ವರಗಳೇ ಇರುವ ಹಂಸಾನಂದಿ ಇದೆಯಲ್ಲ, ಅಲ್ಲಿ ಸ್ವಾತಿ ತಿರುನಾಳರ 'ಪಾಹಿ ಜಗಜ್ಜನನಿ' ದೇವಿಯ ಪ್ರಾರ್ಥನೆ.

ರಾಗಗಳನ್ನು ವ್ಯಕ್ತಿಗಳಾಗಿ ಬಿಡಿಸಿದ ಹಳೆಯ ರಾಗಮಾಲಾ ಚಿತ್ರಗಳೂ ಈ ಹೆಸರಿಡುವ ಕೆಲಸವನ್ನು ಬಹಳ ಮಾಡಿವೆ. ತೋಡಿ ರಾಗಿಣಿ ಅಂದರೆ ವೀಣೆ ಹಿಡಿದು ಕಾಡಿನಲ್ಲಿ ನಿಂತ ಒಂಟಿ ಹೆಣ್ಣು, ಸುತ್ತ ಜಿಂಕೆಗಳು. ಅದನ್ನು ನೋಡಿದವರಿಗೆ ತೋಡಿ ಕೇಳಿದಾಗ ವಿರಹವೇ ನೆನಪಾಗುವುದು ಸಹಜ.

ಹಾಗಂತ ಎಲ್ಲವೂ ರೂಢಿ ಅನ್ನಲೂ ಬರುವುದಿಲ್ಲ. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ನಮ್ಮ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಹಿಂದೂಸ್ತಾನಿ ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪ ಇವನ್ನು ಅವರು ಗುರುತಿಸಿದರು. ಶಾಂತಿಯನ್ನು ಅಷ್ಟು ಸರಿಯಾಗಿ ಹಿಡಿಯಲಾಗಲಿಲ್ಲ. ಸಂತೋಷಕ್ಕೆ ವೇಗ, ದುಃಖಕ್ಕೆ ನಿಧಾನ, ಇಂಥ ಸುಳಿವುಗಳು ಅವರಿಗೆ ನೆರವಾದವು. ವಿರಹದಂಥ ಸೂಕ್ಷ್ಮ ಭಾವ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಸಾಹಿತ್ಯ ಗೊತ್ತಿರಬೇಕು, ಕೇಳುವ ಅಭ್ಯಾಸವೂ ಬೇಕು ಎಂದು ನನಗೆ ಅನ್ನಿಸುತ್ತದೆ.

ನಂಬಿಕೆ ಬರದಿದ್ದರೆ ನೀನೇ ನೋಡು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ನಿಷಾದ-ಷಡ್ಜಕ್ಕೆ ಇಡು. ಷಡ್ಜ ಹಾಡದೆ ನಿಷಾದದಿಂದ ಕೋಮಲ ರಿಷಭಕ್ಕೆ ಹೋಗಿ, ಅಲ್ಲೇ ಉಸಿರು ಮುಗಿಯುವವರೆಗೂ ನಿಲ್ಲು. ನಿನ್ನ ಕಂಠ ತಾನಾಗೇ ಷಡ್ಜಕ್ಕೆ ಜಾರಲು ನೋಡುತ್ತದೆ. ಜಾರಲು ಬಿಡಬೇಡ. ಆಮೇಲೆ ಅಮೀರ್ ಖಾನರ ಮಾರ್ವಾ ಕೇಳಿ, ಅವರು ಎಲ್ಲಿ ಷಡ್ಜಕ್ಕೆ ಬಂದು ನಿಲ್ಲುತ್ತಾರೆ ಅಂತ ಗುರುತು ಹಾಕಿಕೊಂಡು ನನಗೆ ಬರಿ.

ನಿನ್ನ ಗೆಳೆಯ